ಹೆಸರು ಅಳಿಸಿದ ಹಳೇ ಮಿಕ್ಸಿ: ಯಾವ ಕಂಪನಿ, ಯಾವ ಮಾಡೆಲ್?

ಹಳೇ ಮಿಕ್ಸಿಯ ಕಪ್ಲರ್, ಅಂದರೆ ಮೋಟಾರಿನ ಮೇಲೆ ಕೂತು ಜಾರಿನ ಬ್ಲೇಡನ್ನು ತಿರುಗಿಸುವ ಹಲ್ಲಿನ ಭಾಗ, ಸವೆದು ಬ್ಲೇಡ್ ತಿರುಗದಾದಾಗ ಹೊಸದು ಬೇಕಾಗುತ್ತದೆ. ಅದನ್ನು ಕೊಳ್ಳಲು ಹೋದರೆ ಮೊದಲು ಕೇಳುವುದೇ ಮಾಡೆಲ್. ಮುಂಭಾಗದ ಹೆಸರು ಒರೆಸಿ ಒರೆಸಿ ಎಂದೋ ಹೋಗಿರುತ್ತದೆ, ತಳದ ಲೇಬಲ್ ಎಣ್ಣೆ ಜಿಡ್ಡಿನಲ್ಲಿ ಮಸುಕಾಗಿರುತ್ತದೆ. ಹಾಗಿದ್ದರೂ ಗುರುತು ಸಿಗುತ್ತದೆ.

ಪ್ಲಗ್ ತೆಗೆದು, ಮಿಕ್ಸಿಯನ್ನು ಬಟ್ಟೆಯ ಮೇಲೆ ಬೋರಲು ಮಲಗಿಸಿ. ಲೇಬಲ್ಲಿಗೆ ಸ್ಪಿರಿಟ್, ಥಿನ್ನರ್, ನೈಲ್ ಪಾಲಿಶ್ ತೆಗೆಯುವ ದ್ರವ ತಾಗಿಸಲೇಬೇಡಿ. ಜಿಡ್ಡಿಗಿಂತ ಮೊದಲು ಶಾಯಿಯೇ ಕರಗಿಬಿಡುತ್ತದೆ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬೆರೆಸಿದ ನೀರಲ್ಲಿ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ, ಉಜ್ಜದೆ ಒತ್ತಿ ಒತ್ತಿ ತೆಗೆಯಿರಿ. ಒಣಗಿದ ಮೇಲೆ ಕೋಣೆ ಕತ್ತಲು ಮಾಡಿ, ಟಾರ್ಚನ್ನು ಲೇಬಲ್ಲಿನ ಪಕ್ಕಕ್ಕೆ ಮಲಗಿಸಿದಂತೆ ಹಿಡಿಯಿರಿ. ಶಾಯಿ ಹೋದ ಕಡೆಯೂ ಅಕ್ಷರವಿದ್ದ ಜಾಗದ ಹೊಳಪು ಸುತ್ತಲಿನದಕ್ಕಿಂತ ಬೇರೆಯಾಗಿ ಕಾಣುವುದುಂಟು. ಟಾರ್ಚನ್ನು ನಾಲ್ಕೂ ಕಡೆಯಿಂದ ಹಿಡಿದು ಒಂದೊಂದು ಫೋಟೊ ತೆಗೆದು, ಫೋನಿನಲ್ಲೇ ಕಾಂಟ್ರಾಸ್ಟ್ ಏರಿಸಿ ನೋಡಿ. ಒತ್ತಿ ಮೂಡಿಸಿದ ಅಂಕಿಗಳಿದ್ದರೆ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಸಾಕು.

ಕಂಡ ಅಂಕಿಯೆಲ್ಲ ಮಾಡೆಲ್ ಅಲ್ಲ. ಪಕ್ಕದಲ್ಲಿ ವೋಲ್ಟ್, ಹರ್ಟ್ಸ್, ವ್ಯಾಟ್ ಎಂದಿರುವುದನ್ನು ಬಿಡಿ. ಉದ್ದನೆಯ ಸಾಲು ಸಾಮಾನ್ಯವಾಗಿ ಸೀರಿಯಲ್ ಸಂಖ್ಯೆ. ಮಾಡೆಲ್ ಚಿಕ್ಕದು, ಬಹಳ ಸಲ ಅಕ್ಷರ-ಅಂಕಿ ಬೆರೆತದ್ದು. ಪ್ಲಗ್ ಮೇಲೆ ಉಬ್ಬಿರುವ ಹೆಸರು ಸಾಮಾನ್ಯವಾಗಿ ವೈರ್ ಮಾಡಿದವರದು, ಅದನ್ನು ಹಿಡಿದುಕೊಂಡು ಹುಡುಕುತ್ತ ಹೋದರೆ ದಾರಿ ತಪ್ಪುತ್ತೀರಿ. ತಳದ ಪ್ಲಾಸ್ಟಿಕ್ಕಿನಲ್ಲಿ ಎಬಿಎಸ್ ಎಂದಿದ್ದರೆ ಅದು ಪ್ಲಾಸ್ಟಿಕ್ಕಿನ ಜಾತಿ. ಅಲ್ಲೇ ಗಡಿಯಾರದಂಥ ಪುಟ್ಟ ವೃತ್ತ, ಸುತ್ತ 1ರಿಂದ 12, ನಡುವೆ ಬಾಣ ಮತ್ತು ಎರಡು ಅಂಕಿ ಇದ್ದರೆ ಬಿಡಬೇಡಿ: ಬಾಣ ತೋರಿಸುವುದು ಆ ಭಾಗ ಅಚ್ಚಾದ ತಿಂಗಳು, ನಡುವಿನದು ವರ್ಷ. ಮಿಕ್ಸಿ ಸುಮಾರು ಯಾವ ಕಾಲದ್ದೆಂದು ಇದರಿಂದ ತಿಳಿಯುತ್ತದೆ. ಐಎಸ್‌ಐ ಮುದ್ರೆ ಇದ್ದರೆ ಕೆಳಗಿನ ಸಿಎಂ/ಎಲ್ ಸಂಖ್ಯೆ ತಯಾರಕರ ಲೈಸೆನ್ಸಿನದು. ಒಂದೇ ಕಾರ್ಖಾನೆ ಬೇರೆ ಬೇರೆ ಹೆಸರಿಗೆ ಮಾಡಿಕೊಡುವುದುಂಟು, ಹಾಗಾಗಿ ಅದರಿಂದ ಸಿಕ್ಕ ಹೆಸರು ಬ್ರ್ಯಾಂಡೇ ಆಗಿರಬೇಕೆಂದಿಲ್ಲ.

ಅರ್ಧಂಬರ್ಧ ಕಂಡ ಅಂಕಿಯನ್ನು ಊಹೆಯಿಂದ ತುಂಬಬೇಡಿ, ಸಾಧ್ಯವಿರುವುದನ್ನೆಲ್ಲ ಬರೆದುಕೊಳ್ಳಿ. 3 ಮತ್ತು 8, 5 ಮತ್ತು 6, 1 ಮತ್ತು 7 ಒಂದಕ್ಕೊಂದು ಮೋಸ ಮಾಡುವ ಜೋಡಿಗಳು. ಮೂರಂಕಿಯ ಮಾಡೆಲ್ಲಿನಲ್ಲಿ ಮೊದಲನೆಯದು 4 ಎಂದು ಸ್ಪಷ್ಟವಿದೆ, ನಡುವಿನದರ ಮೇಲ್ಗೆರೆ ಮಾತ್ರ ನೇರವಾಗಿ ಉಳಿದಿದೆ, ಕೊನೆಯದರ ಬಲಭಾಗವಷ್ಟೇ ಕಾಣುತ್ತಿದೆ ಅನ್ನಿ. ನಡುವೆ 5 ಅಥವಾ 7, ಕೊನೆಗೆ 3 ಅಥವಾ 8. ಅಂದರೆ 453, 458, 473, 478, ಒಟ್ಟು ನಾಲ್ಕೇ. ಇವನ್ನು ವ್ಯಾಟ್ ಜೊತೆ ಸೇರಿಸಿ ಹುಡುಕಿ, ಬಂದ ಚಿತ್ರಗಳನ್ನು ನಿಮ್ಮ ಮಿಕ್ಸಿಯ ಪಕ್ಕದಲ್ಲಿಟ್ಟು ಒಂದೊಂದಾಗಿ ತಳ್ಳಿಹಾಕಿ.

ತಳ್ಳಿಹಾಕಲು ನಂಬಬೇಕಾದ್ದು ಮೋಟಾರಿನ ಕಡೆಯ ಭಾಗವನ್ನು. ಜಾರ್, ಮುಚ್ಚಳ, ನಾಬ್ ಇವೆಲ್ಲ ಒಮ್ಮೆಯಾದರೂ ಬದಲಾಗಿರುತ್ತವೆ, ಬೇರೆ ಕಂಪನಿಯ ಜಾರ್ ಕೂತಿರುವುದು ಅಪರೂಪವೇನಲ್ಲ. ಜಾರ್ ಕೂರುವ ಗುಳಿ ನೋಡಿ: ಜಾರ್ ತಿರುಗಿಸಿ ಬೀಗ ಹಾಕುವಂಥದ್ದೋ, ನೇರ ಕೂರಿಸುವಂಥದ್ದೋ? ಹಿಡಿಯುವ ಕಚ್ಚುಗಳು ಎಷ್ಟು? ತಳದಲ್ಲಿ ಓವರ್‌ಲೋಡ್ ಗುಂಡಿ ಯಾವ ಮೂಲೆಯಲ್ಲಿದೆ? ನಾಬ್ ಬದಲಾಗಿದ್ದರೂ ಅದರ ಸುತ್ತ ಮೈಮೇಲೆ ಅಚ್ಚಾದ ಸ್ಪೀಡ್ ಗುರುತುಗಳು ಮೂಲದವೇ.

ಕೊನೆಗೆ ಕಪ್ಲರ್. ಅದನ್ನು ಬಿಚ್ಚುವುದು ಬೇಡ. ಕೆಲವು ಮಿಕ್ಸಿಗಳಲ್ಲಿ ಅದರ ತಿರುಪು ಉಲ್ಟಾ ಇರುತ್ತದೆ, ಬಿಚ್ಚುತ್ತೇವೆಂದು ಬಿಗಿಮಾಡಿ ಒಡೆದುಹಾಕುವವರೇ ಹೆಚ್ಚು. ಇದ್ದಲ್ಲೇ ಹಲ್ಲು ಎಣಿಸಿ, ಸುತ್ತ ದಾರ ಸುತ್ತಿ ಅಳೆದು 3.14ರಿಂದ ಭಾಗಿಸಿ. ದಾರ 9.4 ಸೆಂ.ಮೀ. ಬಂದರೆ ಅಡ್ಡಗಲ ಸುಮಾರು 30 ಮಿ.ಮೀ. ಸವೆದ ಹಲ್ಲಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಹೊಸದಕ್ಕಿಂತ ಕಡಿಮೆಯೇ ಇರುತ್ತದೆ.

ನಾಲ್ಕರಲ್ಲಿ ಎರಡು ಉಳಿದು, ಎರಡಕ್ಕೂ ಹಲ್ಲು, ಅಳತೆ, ಗುಳಿ ಒಂದೇ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಒಂದೇ ಕಪ್ಲರ್ ಎರಡಕ್ಕೂ ಹೊಂದುವ ಸಂಭವ ಹೆಚ್ಚು. ಸ್ಕೇಲ್ ಪಕ್ಕಕ್ಕಿಟ್ಟು ಮೇಲಿನಿಂದ ನೇರವಾಗಿ ತೆಗೆದ ಕಪ್ಲರ್ ಫೋಟೊ, ಜೊತೆಗೆ ಹಳೇ ಜಾರ್ ತೆಗೆದುಕೊಂಡು ಹೋಗಿ. ಹೊಸ ಕಪ್ಲರನ್ನು ಜಾರಿನ ತಳಕ್ಕೆ ಕೂರಿಸಿ ಕೈಯಲ್ಲೇ ತಿರುಗಿಸಿ ನೋಡಿ, ಸಡಿಲವಾಗಿ ಅಲ್ಲಾಡಿದರೆ ಕೊಳ್ಳಬೇಡಿ.