ಹೆಸರು ನೋಡಿದ್ರೇ ಒಳಗೆ ಬಂದು ಕೂರ್ಬೇಕು: ಬಡಾವಣೆಯ ಪುಸ್ತಕದಂಗಡಿಗೆ ಹೆಸರು ಹುಡುಕೋದು ಹೇಗೆ

ಡೊಂಬಿವಲಿ ಪೂರ್ವದಲ್ಲಿ ನಮ್ಮ ಭಾವ ಒಂದು ಸಣ್ಣ ಗಾಳೆ, ಅಂದ್ರೆ ಅಂಗಡಿ ಜಾಗ, ಹಿಡಿದಿದ್ರು, ಬ್ಯಾಂಕಿಂದ ರಿಟೈರ್ ಆದ್ಮೇಲೆ ಪುಸ್ತಕದಂಗಡಿ ಇಡ್ಬೇಕು ಅನ್ನೋದು ಅವರ ಬಹಳ ವರ್ಷದ ಆಸೆ. ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಪುಸ್ತಕ, ಹಿಂದಿನ ಗೋಡೆಗೆ ಎರಡು ಬೆಂಚು, ಒಂದು ದೀಪ, ಯಾರು ಬೇಕಾದ್ರೂ ಕೂತು ಓದ್ಬಹುದು, ತಗೊಳ್ಳಲೇಬೇಕು ಅಂತಿಲ್ಲ. ಎಲ್ಲಾ ರೆಡಿ ಇತ್ತು, ಹೆಸರು ಮಾತ್ರ ಇರ್ಲಿಲ್ಲ. ಆ ಹೆಸರು ಹುಡುಕೋಕೆ ನಾವು ಮಾಡಿದ್ದನ್ನೇ ಇಲ್ಲಿ ಹೇಳ್ತೀನಿ, ಮುಂಬೈ ಕಡೆ ಅಂಗಡಿ ಇಡೋ ನಮ್ಮ ಜನಕ್ಕೆ ಉಪಯೋಗ ಆಗ್ಬಹುದು.

ಮೊದಲನೇ ಕೆಲಸ, ಹೆಸರು ಚೆನ್ನಾಗಿದ್ಯಾ ಅಂತ ಮನೆಯವರನ್ನ ಕೇಳ್ಬೇಡಿ. ಆ ಹೆಸರು ನೋಡಿ ಗುರುತಿಲ್ಲದ ಮನುಷ್ಯ ಬಾಗಿಲಲ್ಲಿ ನಿಂತು ಏನು ಕೇಳ್ತಾನೆ ಅನ್ನೋದನ್ನ ನೋಡಿ. ಭಾವ ಮೊದಲು ಬರ್ಕೊಂಡಿದ್ದು 'ಸರಸ್ವತಿ ಪುಸ್ತಕ ಭಾಂಡಾರ'. ದಪ್ಪ ಡ್ರಾಯಿಂಗ್ ಹಾಳೇಲಿ ಮರಾಠಿ, ಕನ್ನಡ ಎರಡರಲ್ಲೂ ಬರೆದು ಅರ್ಧ ಎತ್ತಿದ ಶಟರಿಗೆ ಅಂಟಿಸಿ, ಸಂಜೆ ಆರರಿಂದ ಎಂಟರ ತನಕ ಒಳಗೆ ಸ್ಟೂಲ್ ಹಾಕ್ಕೊಂಡು ಕೂತ್ವಿ. ಬಂದವರೆಲ್ಲಾ ಕೇಳಿದ್ದು ಎಂಟನೇ ಕ್ಲಾಸ್ ಗೈಡ್, ನೋಟ್‌ಬುಕ್ ಡಜನ್ ರೇಟು, ಕಂಪಾಸ್ ಬಾಕ್ಸು. ಯಾಕಂದ್ರೆ ಸರಸ್ವತಿ, ವಿದ್ಯಾ, ಜ್ಞಾನ ಅಂದ ತಕ್ಷಣ ತಲೆಗೆ ಬರೋದು ಸ್ಕೂಲು, ಭಾಂಡಾರ ಅಂದ್ರೆ ಕೌಂಟರ್ ಆಚೆ ನಿಂತು ಚೀಟಿ ಕೊಟ್ಟು ಸಾಮಾನು ತಗೊಂಡು ಹೋಗೋ ಜಾಗ. ಅಲ್ಲಿ ಯಾರೂ ಒಳಗೆ ಬಂದು ಕಪಾಟು ನೋಡಲ್ಲ.

ಓದೋ ಮೂಲೆಯನ್ನೇ ಹೆಸರಲ್ಲಿ ಹಾಕಿದ್ರೆ? ಅದಕ್ಕೂ ಕಷ್ಟ ಇದೆ. ಮಹಾರಾಷ್ಟ್ರದಲ್ಲಿ 'ಅಭ್ಯಾಸಿಕಾ' ಅಂದ್ರೆ ಎಂಪಿಎಸ್‌ಸಿಯಂಥ ಸರ್ಕಾರಿ ಕೆಲಸದ ಪರೀಕ್ಷೆಗೆ ಓದೋ ಹುಡುಗ್ರು ತಿಂಗಳ ಫೀ ಕಟ್ಟಿ ಕೂರೋ ಜಾಗ, ಪುಣೆಯ ಸದಾಶಿವ ಪೇಠೆ ಕಡೆ ಹೋದ್ರೆ ಅಂಥಾ ಬೋರ್ಡುಗಳೇ ಕಾಣ್ತವೆ. ರೀಡಿಂಗ್ ರೂಮ್ ಅಂತ ಬರೆದ್ರೂ ಅದೇ ಪ್ರಶ್ನೆ, ಸೀಟ್ ಖಾಲಿ ಇದ್ಯಾ, ಎಸಿ ಇದ್ಯಾ. ಲೈಬ್ರರಿ ಅಂದ್ರೆ ಡೆಪಾಸಿಟ್ ಎಷ್ಟು ಅಂತಾರೆ. ಕೆಫೆ ಅಂದ್ರೆ ಕಾಫಿ ಕೇಳ್ತಾರೆ, ಕೊಡದಿದ್ರೆ ಮುಖ ಸಣ್ಣ ಮಾಡ್ಕೊಂಡು ಹೋಗ್ತಾರೆ.

ಅಲ್ಲಿಗೆ ನಮಗೆ ಒಂದು ವಿಷ್ಯ ಸ್ಪಷ್ಟ ಆಯ್ತು. ಹೆಸರಲ್ಲಿ ವಿದ್ಯೆಯ ಮಾತು ಬೇಡ, ದುಡ್ಡು ಕೊಡದೇ ಕೂರೋ ಜಾಗದ ಮಾತು ಬೇಕು. ಅಂಥಾ ಮಾತು ನಮ್ಮಲ್ಲಿ ಬೇಕಾದಷ್ಟಿದೆ: ಜಗಲಿ, ಕಟ್ಟೆ, ಚಾವಡಿ, ಪಡಸಾಲೆ. ನಿಮ್ಮ ಊರಲ್ಲಿ ಜನ ಸಂಜೆ ಹೊತ್ತು ಎಲ್ಲಿ ಕೂರ್ತಿದ್ರೋ ಆ ಜಾಗದ ಹೆಸರನ್ನೇ ಪಟ್ಟಿ ಮಾಡ್ಕೊಳ್ಳಿ, ಐದಾರು ಸಾಕು.

ಮುಂದಿನ ಕೆಲಸಕ್ಕೆ ಜಾಸ್ತಿ ಟೈಮ್ ಕೊಡಿ. ಪ್ರತಿ ಹೆಸರನ್ನೂ ದೇವನಾಗರಿಯಲ್ಲಿ ಬರೆದು ಮರಾಠಿಯವರ ಹತ್ರ ಜೋರಾಗಿ ಓದಿಸಿ, ಅರ್ಥ ನೀವು ಹೇಳ್ಬೇಡಿ. ನನಗೆ ತುಂಬಾ ಇಷ್ಟ ಆಗಿದ್ದು 'ಜಗಲಿ', ಅಜ್ಜಿ ಮನೆ ಜಗಲಿಯಲ್ಲೇ ನಾನು ಓದೋಕೆ ಕಲಿತದ್ದು. ಪಕ್ಕದ ಟೈಲರ್ ಅಂಗಡಿ ಕಾಕೂಗೆ ತೋರಿಸಿದ್ರೆ ಅವರು ಗಾಬರಿಯಿಂದ 'ಕೋಣ್ ಜಗಲೀ?' ಅಂದ್ರು. ಮರಾಠಿಯಲ್ಲಿ ಜಗಲೀ ಅಂದ್ರೆ ಬದುಕಿ ಉಳಿದಳು ಅಂತ ಅರ್ಥ! ಹಿಂದಿಯವನೊಬ್ಬ ಅದನ್ನೇ 'ಜಂಗ್ಲಿ' ಅಂತ ಓದಿದ, ಮಧ್ಯದ ಚುಕ್ಕೆ ಬಿಟ್ಟುಹೋಗಿದೆ ಅಂದ್ಕೊಂಡ. ಚಾವಡಿ ಎರಡೂ ಭಾಷೆಯಲ್ಲಿದೆ ಆದ್ರೆ ಮರಾಠಿ ಹಳ್ಳಿಯವರಿಗೆ ಚಾವಡಿ ಅಂದ್ರೆ ತಲಾಠಿ ಕೂರೋ, ಕಂದಾಯ ಕಟ್ಟೋ ಜಾಗ, ಕೂತು ಓದೋ ಮನಸ್ಸು ಬರಲ್ಲ.

ಉಳಿದಿದ್ದು ಕಟ್ಟೆ. ಮರಾಠಿಯಲ್ಲಿ ಕಟ್ಟಾ, ಮುಂಬೈಯಲ್ಲಿ ಗೆಳೆಯರು ಸೇರಿ ಕೂರೋ ಜಾಗಕ್ಕೆಲ್ಲಾ ಅದೇ ಮಾತು, ಅಂದ್ರೆ ಎರಡೂ ಭಾಷೆಯವರಿಗೆ ಒಂದೇ ಚಿತ್ರ. ಕನ್ನಡದ ಕಟ್ಟೆಯನ್ನ ಹಾಗೇ ದೇವನಾಗರಿಗೆ ಇಳಿಸ್ಬೇಡಿ ಮಾತ್ರ, ಕಟ್ಟೇ ಅಂದ್ರೆ ಅವರಿಗೆ ಬಹುವಚನ, ಮರಾಠಿ ಸಾಲಲ್ಲಿ ಕಟ್ಟಾ ಅಂತಲೇ ಇರ್ಲಿ. ಉತ್ತರ ಭಾರತದವರಿಗೆ ಬರೀ ಕಟ್ಟಾ ಅಂದ್ರೆ ನಾಡ ಪಿಸ್ತೂಲು, ಹಾಗಾಗಿ ಒಂಟಿಯಾಗಿ ಬಿಡ್ಬಾರ್ದು, ಹಿಂದೆ ಇನ್ನೊಂದು ಪದ ಬೇಕು.

ಆ ಪದ 'ಪುಸ್ತಕ' ಆಗ್ಲಿ ಅಂತ ಭಾವ ಹೇಳಿದ್ರು. ಆದ್ರೆ ಪುಸ್ತಕ ಕಟ್ಟಾ ಅನ್ನೋದು ಅಂಗಡಿ ಏನು ಅಂತ ವರ್ಣಿಸೋ ಮಾತು, ಯಾರು ಬೇಕಾದ್ರೂ ಇಟ್ಕೋಬಹುದು. ಹೀಗೆ ಬರೀ ವರ್ಣನೆಯ ಹೆಸರಿಗೆ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ನೋಂದಣಿ ಸಿಗೋದು ಕಷ್ಟ. ಅಂಗಡಿ ಎದುರಿಗೇ ಇರೋ ಒಂದು ವಸ್ತು ಹುಡುಕಿ ಅಂದೆ. ಸೊಸೈಟಿ ಗೇಟಿನ ಹತ್ರ ಒಂದು ಬಕುಳದ ಮರ ಇದೆ, ಬೆಳಿಗ್ಗೆ ಹೋದ್ರೆ ಫುಟ್‌ಪಾತ್ ತುಂಬಾ ಹೂ ಬಿದ್ದಿರ್ತದೆ, ಒಣಗಿದ್ಮೇಲೂ ವಾಸನೆ ಹೋಗಲ್ಲ. ಬಕುಳ ಕನ್ನಡದಲ್ಲೂ ಬಕುಳ, ಮರಾಠಿಯಲ್ಲೂ ಬಕುಳ, ಆ ಳಕಾರ ಕೂಡ ಇಬ್ಬರಿಗೂ ಇದೆ. 'ಬಕುಳ ಕಟ್ಟಾ', ಕೆಳಗೆ 'ಬಕುಳ ಕಟ್ಟೆ'. ಎರಡೂ ಐದೇ ಅಕ್ಷರ.

ಇದ್ರಲ್ಲಿ ಪುಸ್ತಕ ಎಲ್ಲಿ ಅಂತ ಕೇಳ್ತೀರಿ, ಸರಿ. ಹೂವಿನಂಗಡಿ ಅಂದ್ಕೋಬಾರ್ದು ಅಂತ ಅಡಿಯಲ್ಲಿ ಸಣ್ಣದಾಗಿ 'ಪುಸ್ತಕ ನೋಡಿ, ಕೂತು ಓದಿ' ಅಂತ ಎರಡೂ ಭಾಷೆಯಲ್ಲಿ ಹಾಕಿದ್ವಿ. ಬರೀ ಪುಸ್ತಕ ಅಂತಿದ್ದಾಗ ಜನ ಬಾಗಿಲಲ್ಲೇ ನಿಲ್ತಿದ್ರು, ಕೂತು ಅನ್ನೋ ಮಾತು ಬಂದ್ಮೇಲೆ ಮೆಟ್ಟಿಲು ಹತ್ತಿದ್ರು. ಮತ್ತೆ ಹಾಳೆ ಅಂಟಿಸಿ ಎರಡು ಸಂಜೆ ನೋಡಿದ್ವಿ, ಒಬ್ಬ ಅಜ್ಜ ಚಪ್ಪಲಿ ಬಿಡ್ಬೇಕಾ ಅಂತ ಕೇಳಿದ್ರು. ನಮಗೆ ಬೇಕಾಗಿದ್ದ ಪ್ರಶ್ನೆ ಅದೇ.

ಬೋರ್ಡ್ ಬರೆಸೋಕೆ ಮುಂಚೆ ipindia.gov.in ನಲ್ಲಿ ಟ್ರೇಡ್‌ಮಾರ್ಕ್ ಪಬ್ಲಿಕ್ ಸರ್ಚ್ ಮಾಡಿ. ಟ್ರೇಡ್‌ಮಾರ್ಕಲ್ಲಿ ಒಂದೊಂದು ಬಗೆಯ ವ್ಯವಹಾರಕ್ಕೆ ಒಂದೊಂದು ಕ್ಲಾಸ್, ಅಂಗಡಿ ವ್ಯಾಪಾರಕ್ಕೆ ಕ್ಲಾಸ್ 35. ಸ್ಪೆಲಿಂಗ್ ಬೇರೆ ಇದ್ರೂ ಉಚ್ಚಾರ ಒಂದೇ ಇರೋ ಹೆಸರು ಕೂಡ ಅಡ್ಡ ಬರ್ತದೆ, ಅದಕ್ಕೆ ಫೊನೆಟಿಕ್ ಸರ್ಚ್ ಕೂಡ ಮಾಡಿ. ಒಬ್ಬ ವ್ಯಕ್ತಿ ಆನ್‌ಲೈನಲ್ಲಿ ಅರ್ಜಿ ಹಾಕಿದ್ರೆ ಒಂದು ಕ್ಲಾಸಿಗೆ 4,500 ರೂಪಾಯಿ. ಗುಮಾಸ್ತಾ, ಅಂದ್ರೆ ಅಂಗಡಿಯ ಸರ್ಕಾರಿ ನೋಂದಣಿ, ಮಾಡಿಸುವಾಗಲೂ ಇದೇ ಹೆಸರು, ಇದೇ ಸ್ಪೆಲಿಂಗ್ ಕೊಡಿ, ಕೆಲಸದವರು ಕೆಲವೇ ಜನ ಇರೋ ಸಣ್ಣ ಅಂಗಡಿಗೆ ಬರೀ ಆನ್‌ಲೈನ್ ಸೂಚನೆ ಸಾಕು.

ಬೋರ್ಡಿಗೆ ಮಹಾರಾಷ್ಟ್ರದಲ್ಲಿ ಕಾನೂನಿದೆ. 2022ರ ತಿದ್ದುಪಡಿಯಿಂದ ಸಣ್ಣ ಅಂಗಡಿಗೂ ಮರಾಠಿ ಹೆಸರು ದೇವನಾಗರಿಯಲ್ಲಿ ಮೊದಲು ಬರ್ಬೇಕು, ಬೇರೆ ಲಿಪಿಯ ಅಕ್ಷರ ಅದಕ್ಕಿಂತ ದೊಡ್ಡದಿರ್ಬಾರ್ದು. ಹೆಸರು ಉದ್ದ ಆದಷ್ಟೂ ಎರಡು ಲಿಪಿಗೂ ಜಾಗ ಸಾಲದೇ ಅಕ್ಷರ ಚಿಕ್ಕದಾಗ್ತಾ ಹೋಗ್ತದೆ. ಹತ್ತು ಅಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ ಅನ್ನೋದು ಬೋರ್ಡಿನವರ ಲೆಕ್ಕ, ನಮ್ಮ ರಸ್ತೆಯ ಆಚೆ ಫುಟ್‌ಪಾತ್ ಸುಮಾರು 40 ಅಡಿ, ಅಂದ್ರೆ ನಾಲ್ಕಿಂಚಾದ್ರೂ ಬೇಕು. ಎರಡೂವರೆ ಅಡಿ ಎತ್ತರದ ಬೋರ್ಡಲ್ಲಿ ಎರಡು ಸಾಲಿಗೂ ಏಳೇಳು ಇಂಚು ಸಿಕ್ತು. ಪೇಂಟರಿಗೆ ಕನ್ನಡ ಓದೋಕೆ ಬರಲ್ಲ, ಟ ಕೆಳಗಿನ ಒತ್ತಕ್ಷರ ಸಾಲಿನ ಅಡಿಗೆ ಇಳಿಯೋದು ಅವರಿಗೆ ಗೊತ್ತಿರ್ಲಿಲ್ಲ, ಮೊದಲನೇ ಸ್ಕೆಚ್ಚಲ್ಲಿ ಅದು ಸಣ್ಣ ಸಾಲಿನ ಮೇಲೆ ಕೂತ್ಬಿಟ್ಟಿತ್ತು. ಭಾವ ಏಣಿ ಪಕ್ಕ ನಿಂತು ಎರಡಿಂಚು ಜಾಗ ಬಿಡಿಸಿದ್ರು.