ಮಾರ್ಚ್ 31ರ ಎಣಿಕೆ ಬಿಟ್ಟು ದಿನಕ್ಕೆ ಹನ್ನೆರಡು ಐಟಂ: ನಮ್ಮ ದಾಲ್ ಮಿಲ್ ಸ್ಟೋರಿನ ಅನುಭವ

ಕಲಬುರಗಿಯ ದಾಲ್ ಮಿಲ್ಲುಗಳಿಗೆ ಮಾರ್ಚ್ 31ರಷ್ಟು ಕೆಟ್ಟ ದಿನ ಸ್ಟಾಕ್ ಎಣಿಸಲಿಕ್ಕೆ ಇನ್ನೊಂದಿಲ್ಲ. ಶರಣಬಸವೇಶ್ವರ ಜಾತ್ರೆ ಮುಗಿದು ಬಿಸಿಲು ಏರಿರುತ್ತದೆ. ಹೊಸ ತೊಗರಿ ಗೋದಾಮಿನ ಸೂರಿನವರೆಗೆ ಥಪ್ಪಿ ಹತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಎರಡು ದಿನ ಮಿಲ್ ನಿಲ್ಲಿಸಿ, ಹಮಾಲರನ್ನೂ ಆಫೀಸಿನ ಹುಡುಗರನ್ನೂ ಸ್ಟೋರಿಗೆ ಬಿಟ್ಟು ಎಣಿಸುತ್ತಿದ್ದೆವು. ಬೇರಿಂಗ್ ಗುರುತು ಸಿಗದವರೂ ಬೇರಿಂಗ್ ಎಣಿಸುತ್ತಿದ್ದರು. ಪ್ರತಿ ವರ್ಷ ಮೂರು–ನಾಲ್ಕು ಲಕ್ಷದ ವ್ಯತ್ಯಾಸ ಬರುತ್ತಿತ್ತು. ವರ್ಷದಲ್ಲಿ ಯಾವಾಗ ಆಯ್ತು, ಯಾಕೆ ಆಯ್ತು ಅಂತ ಹುಡುಕಲಿಕ್ಕೆ ದಾರಿಯೇ ಇರಲಿಲ್ಲ. ಸುಮ್ನೆ ಹೊಡೆದು ಹಾಕುತ್ತಿದ್ದೆವು.

ಸೈಕಲ್ ಕೌಂಟ್ ಮಾಡೋಣ ಅಂದಾಗ ಸಾಹುಕಾರರು, "ದಿನಾ ಎಣಿಸಕೋತ ಕೂತ್ರ ಸ್ಟೋರ್ ಯಾರ್ ನಡಸ್ತಾರ್ರಿ?" ಅಂದರು. ಲೆಕ್ಕ ಹಾಕಿ ತೋರಿಸಿದೆ. ಸ್ಪೇರ್ ಸ್ಟೋರಿನಲ್ಲಿ ಸುಮಾರು 1,400 ಐಟಂ. ದುಡ್ಡು ಜಾಸ್ತಿ ಕೂತಿರುವ 120 ಐಟಂ ತಿಂಗಳಿಗೊಮ್ಮೆ, ನಡುವಿನ 300 ಮೂರು ತಿಂಗಳಿಗೊಮ್ಮೆ, ಉಳಿದ ನಟ್ಟು–ಬೋಲ್ಟು ವರ್ಷಕ್ಕೊಮ್ಮೆ. ಭಾಗಿಸಿದರೆ ದಿನಕ್ಕೆ ಹನ್ನೆರಡು ಐಟಂ. ಬೆಳಿಗ್ಗೆ ಮುಕ್ಕಾಲು ಗಂಟೆ ಸಾಕು. ಯಾವ ದಿನ ಯಾವ ಹನ್ನೆರಡು ಅನ್ನುವುದನ್ನು ಹೇಗೆ ಆರಿಸುತ್ತೇನೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ನಮ್ಮ ಸ್ಟೋರಿನವರೂ ಇದನ್ನು ಓದುತ್ತಾರೆ.

ಮೊದಲ ಮೂರು ತಿಂಗಳು ವ್ಯತ್ಯಾಸ ಕಡಿಮೆ ಆಗುವುದಿರಲಿ, ಇನ್ನೂ ಹೆಚ್ಚಾಯಿತು. ನಗುವವರಿಗೆ ಅಷ್ಟೇ ಬೇಕಿತ್ತು. ಎಣಿಕೆ ಸರಿಯಿತ್ತು, ಪೋಸ್ಟಿಂಗ್ ಕೆಟ್ಟಿತ್ತು.

ಸ್ಟಾಕ್ ಲೆಕ್ಕಕ್ಕೆ ನಾವು ಬಳಸುವ ಸಾಫ್ಟ್‌ವೇರ್ ERPNext. ಅದರ `Stock Reconciliation`ನಲ್ಲಿ ನೀವು ಕೊಡುವುದು ವ್ಯತ್ಯಾಸವಲ್ಲ, ಎಣಿಸಿದ ಒಟ್ಟು ಸಂಖ್ಯೆ. ಆ ತಾರೀಖು, ಆ ಗಂಟೆಗೆ ಇಷ್ಟೇ ಇತ್ತು ಅಂತ ಅದು ಹಿಡಿಯುತ್ತದೆ. ಇದು ಎಲ್ಲರಿಗೂ ಗೊತ್ತು, ಆದರೆ ಗಂಟೆಯ ಕಡೆ ಯಾರೂ ನೋಡಲ್ಲ. B-68 ಬೆಲ್ಟಿನಲ್ಲಿ ಆಗಿದ್ದು ಇದು. ಬೆಳಿಗ್ಗೆ 7:30ಕ್ಕೆ ಪುಸ್ತಕದಲ್ಲಿ 20, ಎಣಿಸಿದಾಗ 18. ಹತ್ತು ಗಂಟೆಗೆ ನಾಲ್ಕು ಬೆಲ್ಟ್ ಇಶ್ಯೂ ಆದವು. ಈಗ ಪುಸ್ತಕ 16, ರ‍್ಯಾಕಿನಲ್ಲಿ 14. ಮಧ್ಯಾಹ್ನ ಊಟ ಆದಮೇಲೆ ಹುಡುಗ ಕೂತು 18 ಅಂತ ಟೈಪ್ ಮಾಡಿ ಸಬ್ಮಿಟ್ ಕೊಟ್ಟ. ಸಿಸ್ಟಂ 16ನ್ನು 18 ಮಾಡಿತು. ಎರಡು ಕಡಿಮೆ ಇದ್ದ ಮಾಲಿಗೆ ಎರಡು ಲಾಭ ಬರೆದು ಕೂತಿತು! ಮುಂದಿನ ಎಣಿಕೆಯಲ್ಲಿ ನಾಲ್ಕು ಬೆಲ್ಟ್ ಕಳವು ಅಂತ ಗಲಾಟೆ.

ಈಗ `Edit Posting Date and Time` ಟಿಕ್ ಮಾಡಿ 7:30 ಅಂತಲೇ ಹಾಕುತ್ತೇವೆ. ಆಗ 7:30ಕ್ಕೆ 18 ಆಗಿ, ಹತ್ತರ ಇಶ್ಯೂ ಅದರ ಮೇಲೆ ಕಳೆದು 14 ಉಳಿಯುತ್ತದೆ. ಅಂದೇ ಪೋಸ್ಟ್ ಕೂಡ ಮಾಡಲ್ಲ. ಒಂದು ದಿನ ಬಿಡುತ್ತೇವೆ, ಯಾಕಂದ್ರೆ ಆ ಎರಡು ಬೆಲ್ಟ್ ಎಲ್ಲಿಗೂ ಹೋಗಿರಲಿಲ್ಲ. ರಾತ್ರಿ ಪಾಳಿಯ ಚೀಟಿ ಫಿಟ್ಟರ್ ಕಿಸೆಯಲ್ಲೇ ಇತ್ತು. ಆ ಚೀಟಿಯನ್ನು ರಾತ್ರಿಯ ಗಂಟೆಯಲ್ಲೇ ಎಂಟ್ರಿ ಮಾಡಿದರೆ 7:30ರ ಪುಸ್ತಕವೇ 18 ಆಗುತ್ತದೆ, ವ್ಯತ್ಯಾಸ ಸೊನ್ನೆ. ಅದೇ ಚೀಟಿಯನ್ನು ಎಣಿಕೆ ಪೋಸ್ಟ್ ಆದಮೇಲೆ ಹನ್ನೊಂದು ಗಂಟೆ ಅಂತ ಹಾಕಿದರೆ ಎರಡು ಸಲ ಕಳೆಯುತ್ತದೆ. ನಮ್ಮ ವ್ಯತ್ಯಾಸಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಥ ಕಿಸೆಯ ಚೀಟಿಗಳೇ.

ನನಗೆ ಹೆಮ್ಮೆ ಇರುವ ಕೇಸ್ ಬೇರೆ. ಹೌಸಿಂಗ್ ಸಮೇತ ಬರುವ UCP 208 ಬೇರಿಂಗ್ ಪುಸ್ತಕದಲ್ಲಿ 9, ರ‍್ಯಾಕಿನಲ್ಲಿ 6. ಹೌಸಿಂಗ್ ಇಲ್ಲದ ಬರೀ ಬೇರಿಂಗ್ UC 208 ಪುಸ್ತಕದಲ್ಲಿ 12, ಎಣಿಸಿದರೆ 15. ಒಂದರಲ್ಲಿ ಮೂರು ಕಡಿಮೆ, ಇನ್ನೊಂದರಲ್ಲಿ ಮೂರು ಜಾಸ್ತಿ ಅಂದ ತಕ್ಷಣ ಅದಲುಬದಲು ಅಂತ ನಮ್ಮಂಥವರಿಗೆ ಗೊತ್ತಾಗುತ್ತದೆ. ಆದರೆ ದರ ಒಂದೇ ಅಲ್ಲವಲ್ಲ. UCP ಸುಮಾರು 650 ರೂಪಾಯಿ, UC 400. ಹಾಗೇ ಪೋಸ್ಟ್ ಮಾಡಿದ್ದರೆ 750 ರೂಪಾಯಿ ನಷ್ಟ. ರ‍್ಯಾಕಿನ ಕೆಳಗೆ ಬಗ್ಗಿ ನೋಡಿದೆ. ಗ್ರೀಸ್ ಮೆತ್ತಿದ ಗೋಣಿಯಡಿ ಮೂರು ಖಾಲಿ ಹೌಸಿಂಗ್ ಬಿದ್ದಿದ್ದವು, ಒಂದಕ್ಕೂ ಬಣ್ಣ ಹೋಗಿರಲಿಲ್ಲ.

"ಹೌಸಿಂಗ್ ಚಲೋ ಇತ್ರಿ ಸರ, ಬೇರಿಂಗ್ ಅಷ್ಟೇ ಹೋಗಿತ್ತು. ಹೊಸದರಾಗಿಂದ ತೆಗದು ಹಾಕ್ದೆ" ಅಂದ ಫಿಟ್ಟರ್. ಎಲಿವೇಟರ್ ನಿಂತಾಗ ಕೈಗೆ ಸಿಕ್ಕ ಪೂರ್ತಿ UCP ಒಯ್ದಿದ್ದಾನೆ, ಚೀಟಿಯಲ್ಲಿ ಮಾತ್ರ UC 208 ಅಂತ ಬರೆದಿದ್ದಾನೆ. ಅವನ ಪ್ರಕಾರ ಖರ್ಚಾಗಿದ್ದು ಅದೇ, ಅದೂ ನಿಜವೇ.

ಇದಕ್ಕೆ ರಿಕನ್ಸಿಲಿಯೇಷನ್ ಬೇಡವೇ ಬೇಡ. ಖಾಲಿ ಹೌಸಿಂಗಿಗೆ P208 ಅಂತ ಹೊಸ ಕೋಡ್ ತೆಗೆದು `Stock Entry`ಯಲ್ಲಿ `Repack` ಮಾಡಿದೆ. UCP ಮೂರು ಹೊರಗೆ, UC ಮೂರು ಮತ್ತು P208 ಮೂರು ಒಳಗೆ. ಹೊರಗೆ ಹೋಗಿದ್ದು 1,950 ರೂಪಾಯಿ. ಒಳಗೆ ಬಂದಿದ್ದು 1,200 ಮತ್ತು 750. ಎರಡು ಐಟಂ ಒಳಗೆ ಬರುವುದರಿಂದ ದರ ಕೈಯಿಂದಲೇ ಕೊಡಬೇಕು, `Set Basic Rate Manually` ಟಿಕ್ ಮಾಡಿ. `Stock Adjustment` ಖಾತೆಗೆ ಒಂದು ಪೈಸೆಯೂ ಹೋಗಲಿಲ್ಲ. ಆ ಹೌಸಿಂಗುಗಳಲ್ಲಿ ಎರಡು ಮುಂದೆ ಬಳಕೆಗೂ ಬಂದವು.

ದುಡ್ಡು ಎಲ್ಲಿ ಹೋಗಿ ಕೂರುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ. ನನಗಿಂತ ಮೊದಲು ಇದ್ದವರು ಎರಡು ವರ್ಷದ ವ್ಯತ್ಯಾಸವನ್ನು ಪರ್ಪಸ್‌ನಲ್ಲಿ `Opening Stock` ಅಂತ ಆರಿಸಿ ಹೊಡೆದಿದ್ದರು. ಅದು `Temporary Opening`ಗೆ ಹೋಗುತ್ತದೆ, ಅಂದರೆ ಬ್ಯಾಲೆನ್ಸ್ ಶೀಟಿಗೆ. ಲಾಭ–ನಷ್ಟದಲ್ಲಿ ಕಾಣಿಸುವುದೇ ಇಲ್ಲ. ಐದಾರು ಲಕ್ಷ ಅಲ್ಲೇ ಕೂತಿತ್ತು.

ನಡುವೆ ಬಾರ್‌ಕೋಡ್ ಸ್ಕ್ಯಾನರ್ ತಂದೆವು, ಹದಿನೈದು ಸಾವಿರ ಹೋಯಿತು. ದಾಲ್ ಮಿಲ್ಲಿನ ಧೂಳಿಗೆ ಸ್ಟಿಕ್ಕರ್ ವಾರದಲ್ಲೇ ಕುರುಡಾಯಿತು. ಈಗ ಪೆನ್ನು, ಹಲಗೆ, ಪುಸ್ತಕದ ಸಂಖ್ಯೆ ತೋರಿಸದ ಹಾಳೆ, ಅಷ್ಟೇ. ಸಂಖ್ಯೆ ಕಂಡರೆ ಕಣ್ಣು ಅದನ್ನೇ ಎಣಿಸುತ್ತದೆ.

ತೊಗರಿ ಗೋದಾಮಿಗೂ ಇದೇ ಪದ್ಧತಿ ಹಚ್ಚಿ ನೋಡಿದೆ. ಚೀಲದ ಎಣಿಕೆ ಕೂಡುತ್ತದೆ, ತೂಕ ಕೂಡಲ್ಲ. 12% ತೇವಾಂಶದ ನೂರು ಕ್ವಿಂಟಲ್ ಒಣಗಿ 10%ಗೆ ಬಂದರೆ 97.78 ಕ್ವಿಂಟಲ್ ಉಳಿಯುತ್ತದೆ. ಅದು ಕಳವೂ ಅಲ್ಲ, ಎಣಿಕೆಯ ತಪ್ಪೂ ಅಲ್ಲ. ಅದನ್ನು ಸ್ಟಾಕ್ ವ್ಯತ್ಯಾಸ ಅಂತ ತೋರಿಸದೆ ಒಣಗಿದ ಘಟು ಅಂತ ಬೇರೆ ಖಾತೆಗೆ ಹಾಕುತ್ತೇವೆ. ಗೋದಾಮನ್ನು ಮಾತ್ರ ಮಳೆಗಾಲದಲ್ಲಿ, ಮಾಲು ತಳ ಕಂಡಾಗ ಪೂರ್ತಿ ಎಣಿಸುತ್ತೇವೆ.

ಆಡಿಟರ್ ಒಪ್ಪಲ್ಲ ಅಂತ ಎಲ್ಲರೂ ಹೆದರಿಸಿದ್ದರು. ಕಂಪನಿ ಆಡಿಟರ್ ವರದಿಯ ಆದೇಶವಾದ ಕಾರೋ 2020ರಲ್ಲಿ ಕೇಳಿರುವುದು ಸರಿಯಾದ ಅಂತರದಲ್ಲಿ ಎಣಿಸಿದ್ದೀರಾ, ಯಾವುದಾದರೂ ವರ್ಗದಲ್ಲಿ ಒಟ್ಟು 10% ಅಥವಾ ಅದಕ್ಕಿಂತ ಹೆಚ್ಚು ವ್ಯತ್ಯಾಸ ಬಂತಾ, ಬಂದಿದ್ದರೆ ಪುಸ್ತಕದಲ್ಲಿ ಸರಿ ಮಾಡಿದ್ದೀರಾ ಅಂತ. ಮಾರ್ಚ್ 31 ಅನ್ನುವ ಮಾತೇ ಅಲ್ಲಿಲ್ಲ. ಸಹಿ ಹಾಕಿದ ಹಾಳೆಗಳ ಫೈಲ್ ಮುಂದಿಟ್ಟೆ. ತಾವೇ ಇಪ್ಪತ್ತು–ಮೂವತ್ತು ಐಟಂ ಎಣಿಸಿ ನೋಡಿದರು. ಒಂದೇ ತಪ್ಪು ಸಿಕ್ಕಿತು. ಹೋದ ವರ್ಷ ಇಡೀ ಸ್ಟೋರಿನಲ್ಲಿ ನಿಜವಾಗಿ ಹೊಡೆದು ಹಾಕಿದ್ದು ಮೂವತ್ತು ಸಾವಿರದ ಆಸುಪಾಸು.

ಆ ಮೂವತ್ತು ಸಾವಿರಕ್ಕೂ ಬಾಲ ಇದೆ. ಕಳೆದುಹೋದ ಅಥವಾ ರೈಟ್ ಆಫ್ ಮಾಡಿದ ಮಾಲಿನ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಜಿಎಸ್‌ಟಿ ಕಾಯ್ದೆಯ 17(5)(h) ಪ್ರಕಾರ ಸಿಗಲ್ಲ, ತಗೊಂಡಿದ್ದರೆ ವಾಪಸ್ ಮಾಡಬೇಕು. ಹಾಗಾಗಿ `Stock Adjustment` ಲೆಡ್ಜರಿನ ಪ್ರಿಂಟನ್ನು ತಿಂಗಳ ಕೊನೆಗೆ ಜಿಎಸ್‌ಟಿ ನೋಡುವವರ ಟೇಬಲ್ಲಿಗೆ ಕಳಿಸುತ್ತೇನೆ. ಅದರಲ್ಲಿ ಅದಲುಬದಲು, ಕಿಸೆಯ ಚೀಟಿ ಎಲ್ಲಾ ಬೆರೆತಿದ್ದರೆ ಕಳೆಯದ ಮಾಲಿಗೂ ಟ್ಯಾಕ್ಸ್ ಕಟ್ಟಬೇಕಾಗುತ್ತದೆ.