ಸಹಿ ಹಾಕುವ ಮುಂಚೆ ಆಟೊ ಡೆಬಿಟ್ ಫಾರ್ಮ್ ಓದುವುದು ಹೇಗೆ?

ವಿಜಯಪುರದ ಶೋರೂಮಿನಲ್ಲಿ ಬೈಕ್ ಸಾಲಕ್ಕೆ ಕೂತರೆ ಒಂದು ಕಟ್ಟು ಕಾಗದ ಮುಂದೆ ಬರುತ್ತದೆ. ಅದರ ನಡುವೆ ಚೆಕ್‌ನಂಥ ಒಂದು ಸಣ್ಣ ಹಾಳೆ ಇರುತ್ತದೆ. ಅದೇ ಆಟೊ ಡೆಬಿಟ್‌ನ ಫಾರ್ಮ್, ಅಂದರೆ ನ್ಯಾಚ್ ಮ್ಯಾಂಡೇಟ್ ಫಾರ್ಮ್. ನ್ಯಾಚ್ ಅಂದರೆ ಕಂತಿನಂಥ ದುಡ್ಡು ಖಾತೆಯಿಂದ ತಾನಾಗೇ ಕಟ್ ಆಗುವ ಬ್ಯಾಂಕುಗಳ ವ್ಯವಸ್ಥೆ. ‘ಇಲ್ಲೊಂದ್ ಸೈನ್ ಮಾಡ್ರಿ, ಉಳಿದಿದ್ದು ನಾವ ತುಂಬ್ಕೋತೀವ್ರಿ’ ಅಂತ ಹುಡುಗ ಪೆನ್ನು ಕೊಡುತ್ತಾನೆ. ಅಲ್ಲಿ ಪೆನ್ನು ಕೆಳಗಿಡಿ. ಈ ಹಾಳೆ ಸಾಲದ ಕರಾರು ಅಲ್ಲ. ‘ಈ ಕಂಪನಿ ಕೇಳಿದರೆ ನನ್ನ ಖಾತೆಯಿಂದ ಇಷ್ಟರವರೆಗೆ ಕೊಡಿ’ ಎಂದು ನೀವು ನಿಮ್ಮ ಬ್ಯಾಂಕಿಗೆ ಬರೆದುಕೊಡುವ ಒಪ್ಪಿಗೆ. ಆಮೇಲೆ ಪ್ರತಿ ಸಲ ದುಡ್ಡು ಹೋಗುವಾಗ ಬ್ಯಾಂಕು ನಿಮ್ಮನ್ನು ಕೇಳುವುದಿಲ್ಲ. ಫಾರ್ಮಿನ ಮಿತಿಯೊಳಗೆ ಇದೆಯೋ ಇಲ್ಲವೋ, ಅಷ್ಟೇ ನೋಡುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇಂಡಿ ಕಡೆಯ ಒಬ್ಬ ಲಿಂಬೆ ಬೆಳೆಗಾರ ಬೈಕಿಗೆ 72,000 ರೂಪಾಯಿ ಸಾಲ ತೆಗೆಯುತ್ತಾನೆ. ಬಡ್ಡಿ ವರ್ಷಕ್ಕೆ ಶೇ 14, ಮುದ್ದತು 24 ತಿಂಗಳು. ಕಂತು 3,457 ರೂಪಾಯಿ. ಮೊದಲ ಕಂತು 2026ರ ಆಗಸ್ಟ್ 5ಕ್ಕೆ, ಕೊನೆಯದು 2028ರ ಜುಲೈ 5ಕ್ಕೆ. ಈ ಲೆಕ್ಕವೆಲ್ಲ ಕರಾರಿನಲ್ಲಿ ಸರಿಯಾಗೇ ಇದೆ. ಫಾರ್ಮಿನಲ್ಲಿ ಮಾತ್ರ ಹೀಗೆ ತುಂಬಿದ್ದಾರೆ: ಮೊತ್ತ 10,000, ಮ್ಯಾಕ್ಸಿಮಮ್ ಅಮೌಂಟ್‌ಗೆ ಟಿಕ್, ಫ್ರೀಕ್ವೆನ್ಸಿ ‘ಆ್ಯಸ್ ಆ್ಯಂಡ್ ವೆನ್ ಪ್ರೆಸೆಂಟೆಡ್’, ಮುಗಿಯುವ ದಿನ 2066.

ಮೊತ್ತ

ಫಾರ್ಮಿನಲ್ಲಿ ಡೆಬಿಟ್ ಟೈಪ್ ಎಂಬಲ್ಲಿ ಎರಡು ಚೌಕ ಇರುತ್ತವೆ. ಫಿಕ್ಸೆಡ್‌ಗೆ ಟಿಕ್ ಹಾಕಿದರೆ ಬರೆದಷ್ಟೇ ಮೊತ್ತ ಹೋಗಬೇಕು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮ್ಯಾಕ್ಸಿಮಮ್ ಎಂದರೆ ಅಲ್ಲಿಯವರೆಗೆ ಎಷ್ಟು ಬೇಕಾದರೂ ಹೋಗಬಹುದು.

ಹಾಗಾದರೆ ಫಿಕ್ಸೆಡ್ಡೇ ಒಳ್ಳೆಯದು ಅಲ್ವಾ? ಯಾವಾಗಲೂ ಅಲ್ಲ. ಕೊನೆಯ ಕಂತು ಎಷ್ಟೋ ಸಲ ಕೆಲವು ರೂಪಾಯಿ ಹಿಂದೆ ಮುಂದೆ ಇರುತ್ತದೆ, ಫಿಕ್ಸೆಡ್ ಆದರೆ ಅದು ವಾಪಸ್ ಹೋಗಬಹುದು. ಬಡ್ಡಿ ಏರಿಳಿಯುವ ಮನೆ ಸಾಲದಲ್ಲಂತೂ ಕಂತೇ ಬದಲಾಗಬಹುದು. ಹಾಗಾಗಿ ಕಂಪನಿ ಮ್ಯಾಕ್ಸಿಮಮ್ ಕೇಳುವುದರಲ್ಲಿ ತಪ್ಪಿಲ್ಲ. ಎಷ್ಟಕ್ಕೆ ಎಂಬುದೇ ಪ್ರಶ್ನೆ. 3,457ರ ಕಂತಿಗೆ 4,000 ಅಥವಾ 5,000 ಅಂದರೆ ಒಪ್ಪಬಹುದು. 10,000 ಯಾಕೆ ಬೇಕು ಅಂತ ಕೇಳಿ. ಎರಡು ಕಂತು ತಪ್ಪಿದರೆ ದಂಡ ಸೇರಿಸಿ ಒಟ್ಟಿಗೆ ಎಳೆದುಕೊಳ್ಳಲು ಎಂಬ ಉತ್ತರ ಬಂದರೆ, ಅದು ಅವರ ಅನುಕೂಲ, ನಿಮ್ಮದಲ್ಲ. ಹೆಚ್ಚಿನ ಮಿತಿ ಇದ್ದ ಮಾತ್ರಕ್ಕೆ ಅಷ್ಟು ದುಡ್ಡು ತೆಗೆಯುವ ಹಕ್ಕು ಅವರಿಗೆ ಬರುವುದಿಲ್ಲ, ಹಕ್ಕು ಕರಾರಿನಷ್ಟೇ. ಆದರೆ ಜಾಸ್ತಿ ಕಟ್ ಆದಾಗ ಬ್ಯಾಂಕು ತಡೆಯುವುದಿಲ್ಲ. ಅದನ್ನು ವಾಪಸ್ ತರಿಸಲು ಓಡಾಡಬೇಕಾದವರು ನೀವು.

ಅಂಕಿ ಮತ್ತು ಅಕ್ಷರ ಎರಡರಲ್ಲೂ ಒಂದೇ ಮೊತ್ತ ಇರಬೇಕು. ಅಂಕಿಯ ಮುಂದೆ ಖಾಲಿ ಜಾಗ ಬಿಡಬೇಡಿ, 4,000ದ ಮುಂದೆ ಒಂದು ಅಂಕಿ ಸೇರಿಸಿದರೆ 14,000 ಆಗುತ್ತದೆ. ಅಕ್ಷರದಲ್ಲಿ ಬರೆದ ಮೇಲೆ ‘ಮಾತ್ರ’ ಅಂತ ಹಾಕಿ, ಉಳಿದ ಜಾಗಕ್ಕೆ ಗೆರೆ ಎಳೆಯಿರಿ.

ಎಷ್ಟು ಸಲಕ್ಕೊಮ್ಮೆ

ತಿಂಗಳಿಗೆ, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ಎಂಬ ಚೌಕಗಳಿರುತ್ತವೆ. ಕೊನೆಯಲ್ಲಿ ‘ಆ್ಯಸ್ ಆ್ಯಂಡ್ ವೆನ್ ಪ್ರೆಸೆಂಟೆಡ್’. ಅಂದರೆ ಕಂಪನಿ ಯಾವಾಗ ಕೇಳಿದರೆ ಆವಾಗ. ಇದಕ್ಕೆ ತಾರೀಕಿನ ಕಟ್ಟೂ ಇಲ್ಲ, ಎಷ್ಟು ಸಲ ಎಂಬ ಲೆಕ್ಕವೂ ಇಲ್ಲ. ಹಾಗಾಗಿ ಮೊತ್ತವನ್ನು ಇದರ ಜೊತೆಗೇ ಓದಬೇಕು. 10,000 ಎಂಬ ಮಿತಿ ತಿಂಗಳಿಗಲ್ಲ, ಒಂದೊಂದು ಸಲಕ್ಕೆ. 5ನೇ ತಾರೀಕು ಕಂತು ವಾಪಸ್ ಹೋದರೆ 8ಕ್ಕೆ ಮತ್ತೆ, 12ಕ್ಕೆ ಮತ್ತೆ ಹಾಕಬಹುದು. ಪ್ರತಿ ಸಲ ವಾಪಸ್ ಹೋದಾಗ ಬ್ಯಾಂಕೂ ಶುಲ್ಕ ಹಿಡಿಯಬಹುದು. ತಿಂಗಳ ಕಂತಿನ ಸಾಲಕ್ಕೆ ‘ಮಂತ್ಲಿ’ ಸಾಕು. ಕಂಪನಿಯವರು ಪಟ್ಟು ಹಿಡಿದರೆ, ಮೊತ್ತವನ್ನಾದರೂ ಕಂತಿನ ಹತ್ತಿರಕ್ಕೆ ಇಳಿಸಿ.

ಇನ್ನೊಂದು ಮಾತು. ನ್ಯಾಚ್ 2021ರ ಆಗಸ್ಟ್ 1ರಿಂದ ವಾರದ ಏಳೂ ದಿನ ನಡೆಯುತ್ತದೆ. 5ನೇ ತಾರೀಕು ಭಾನುವಾರ ಬಂದರೂ ಕಂತು ಕಟ್ ಆಗಬಹುದು. ಸೋಮವಾರ ಬ್ಯಾಂಕಿಗೆ ಹೋಗಿ ತುಂಬಿದರಾಯ್ತು ಎನ್ನುವ ಲೆಕ್ಕ ನಡೆಯುವುದಿಲ್ಲ.

ಮುಗಿಯುವ ದಿನ

ಹಳೆಯ ಫಾರ್ಮ್‌ಗಳಲ್ಲಿ ‘ಅಂಟಿಲ್ ಕ್ಯಾನ್ಸಲ್ಡ್’ ಎಂಬ ಚೌಕ ಇರುತ್ತಿತ್ತು. ಈಗಿನ ಫಾರ್ಮ್‌ನಲ್ಲಿ ಮ್ಯಾಂಡೇಟಿಗೆ ಹೆಚ್ಚೆಂದರೆ 40 ವರ್ಷ ಎಂದು ಅಚ್ಚಾಗಿರುತ್ತದೆ. ತುಂಬುವವರು ಸುಮ್ನೆ ಆ 40 ವರ್ಷವನ್ನೇ ಬರೆದುಬಿಡುತ್ತಾರೆ. ನಮ್ಮ ಲಿಂಬೆ ಬೆಳೆಗಾರನ 2066 ಬಂದದ್ದು ಹಾಗೆ. ಸಾಲ ಎರಡು ವರ್ಷದ್ದು.

ಹಾಗಂತ ಕೊನೆಯ ಕಂತಿನ ದಿನಕ್ಕೇ ಬಿಗಿಯಾಗಿ ನಿಲ್ಲಿಸುವುದೂ ಬೇಡ. ಲೆಕ್ಕ ತಪ್ಪಿ 2028ರ ಜೂನ್ ಅಂತ ಬರೆದರೆ 24ನೇ ಕಂತು ಹೋಗುವುದೇ ಇಲ್ಲ, ಅದು ಬಾಕಿಯಾಗಿ ನಿಲ್ಲುತ್ತದೆ. ಕೊನೆಯ ಕಂತಿನ ಮೇಲೆ ಎರಡು ಮೂರು ತಿಂಗಳು ಸೇರಿಸಿ. ಇಲ್ಲಿ 2028ರ ಅಕ್ಟೋಬರ್ 5 ಸರಿ.

ಖಾತೆಯ ವಿವರ

ಪಾಸ್‌ಬುಕ್ ಪಕ್ಕದಲ್ಲಿಟ್ಟು ಖಾತೆ ನಂಬರಿನ ಒಂದೊಂದು ಅಂಕಿ ಬೆರಳಿಟ್ಟು ನೋಡಿ. ಸೇವಿಂಗ್ಸ್‌ಗೆ ಎಸ್‌ಬಿ, ಅಂಗಡಿಯ ಕರೆಂಟ್ ಖಾತೆಗೆ ಸಿಎ ಟಿಕ್ ಆಗಿರಬೇಕು.

ನಮ್ಮ ಕಡೆ ಜಾಸ್ತಿ ಎಡವಟ್ಟಾಗುವುದು ಐಎಫ್‌ಎಸ್‌ಸಿ ಕೋಡ್‌ನಲ್ಲಿ. ಅದು 11 ಅಕ್ಷರದ್ದು, ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಸೊನ್ನೆ. ಅದನ್ನು ಇಂಗ್ಲಿಷಿನ ಓ ಅಂತ ಬರೆಯಬೇಡಿ. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್‌ನಲ್ಲಿ ಕೆನರಾದಲ್ಲಿ ಸೇರಿತು. SYNB ಎಂದು ಶುರುವಾಗುವ ಕೋಡ್ 2021ರ ಜುಲೈ 1ರಿಂದ ನಡೆಯುತ್ತಿಲ್ಲ, ಈಗ CNRB ಎಂದು ಶುರುವಾಗಬೇಕು. ಹಳೆ ಪಾಸ್‌ಬುಕ್ ನೋಡಿ ಬರೆದರೆ ಫಾರ್ಮ್ ವಾಪಸ್ ಬರುತ್ತದೆ. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ಅಲ್ಲಿ ಖಾತೆ ಇದ್ದವರು ಈಗ ನಡೆಯುವ ಕೋಡ್ ಯಾವುದು ಅಂತ ಶಾಖೆಯಲ್ಲೇ ಕೇಳಿ ಬರೆಸಿ.

ದುಡ್ಡು ಪಡೆಯುವ ಕಂಪನಿಯ ಹೆಸರು ಸಾಲದ ಕರಾರಿನಲ್ಲಿ ಇದ್ದಂತೆಯೇ ಇರಬೇಕು. ರೆಫರೆನ್ಸ್ ಎಂಬಲ್ಲಿ ಸಾಲದ ನಂಬರ್ ಇರಬೇಕು. ಸಹಿ ಬ್ಯಾಂಕಿನಲ್ಲಿ ಕೊಟ್ಟ ಹಾಗೇ ಇರಲಿ. ಇಬ್ಬರೂ ಸೇರಿ ನಡೆಸುವ ಜಂಟಿ ಖಾತೆಯಾದರೆ ಇಬ್ಬರ ಸಹಿಯೂ ಬೇಕು.

ಎಲ್ಲ ತುಂಬಿದ ಮೇಲೆಯೇ ಸಹಿ. ತಿದ್ದಿದ ಫಾರ್ಮ್ ಬೇಡ, ಹೊಸದು ಕೇಳಿ. ಸಹಿಯಾದ ಹಾಳೆಯ ಫೋಟೊ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಮ್ಯಾಂಡೇಟ್ ದಾಖಲಾದ ಮೇಲೆ ಅದಕ್ಕೆ ಯುಎಂಆರ್‌ಎನ್ ಎಂಬ 20 ಅಕ್ಷರದ ನಂಬರ್ ಸಿಗುತ್ತದೆ. ನೆಟ್ ಬ್ಯಾಂಕಿಂಗ್‌ನಲ್ಲೋ ಶಾಖೆಯಲ್ಲೋ ಅದನ್ನು ಪಡೆದು, ದಾಖಲಾದ ಮೊತ್ತವನ್ನೂ ಮುಗಿಯುವ ದಿನವನ್ನೂ ಫೋಟೊ ಜೊತೆ ಹೋಲಿಸಿ. ಬೇರೆಯಾಗಿದ್ದರೆ ಕಂಪನಿಗೂ ಬ್ಯಾಂಕಿಗೂ ಬರವಣಿಗೆಯಲ್ಲೇ ಕೊಟ್ಟು, ಪಡೆದದ್ದಕ್ಕೆ ಸೀಲ್ ಹಾಕಿಸಿಕೊಳ್ಳಿ.

ಸಿಟ್ಟಿನಲ್ಲಿ ಮ್ಯಾಂಡೇಟ್ ರದ್ದು ಮಾಡಿಸಿದರೆ ಸಾಲ ರದ್ದಾಗುವುದಿಲ್ಲ. ಖಾತೆಯಲ್ಲಿ ದುಡ್ಡಿಲ್ಲದೆ ಕಂತು ವಾಪಸ್ ಹೋದರೆ, ಚೆಕ್ ಬೌನ್ಸ್‌ನಂತೆಯೇ ಅದಕ್ಕೂ ಕೇಸ್ ಹಾಕಲು 2007ರ ಪೇಮೆಂಟ್ ಆ್ಯಂಡ್ ಸೆಟ್ಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಕಲಮಿನಲ್ಲಿ ಅವಕಾಶ ಇದೆ. ಸಾಲ ಮುಂಚೆಯೇ ತೀರಿಸಿದಿರಾ? ಆಗ ಸಾಲ ತೀರಿತು ಎಂಬ ಪತ್ರವಾದ ಎನ್‌ಒಸಿ ಪಡೆಯುವ ದಿನವೇ ಯುಎಂಆರ್‌ಎನ್ ಬರೆದು, ಅದೇ ಬಗೆಯ ಇನ್ನೊಂದು ಫಾರ್ಮ್‌ನ ‘ಕ್ಯಾನ್ಸಲ್’ ಚೌಕಕ್ಕೆ ಟಿಕ್ ಹಾಕಿ ಕೊಟ್ಟು ಬನ್ನಿ.